ನಮಸ್ಕಾರವನ್ನು 40ನೇ ಸೆಕೆಂಡಿಗೆ ತಳ್ಳಿದ ಮೇಲೆ

ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ. ಜೊತೆಗೆ ಸಂಪ್ ಮೋಟರ್, ಮಿಕ್ಸಿ, ಗ್ರೈಂಡರ್ ರಿಪೇರಿಯ ಒಂದು ಕನ್ನಡ ಯೂಟ್ಯೂಬ್ ಚಾನೆಲ್. ಎರಡು ವರ್ಷ ಆ ಚಾನೆಲ್ ಮಲಗಿದ್ದಲ್ಲೇ ಮಲಗಿತ್ತು. ಈಗ ಎದ್ದಿದೆ. ಎಬ್ಬಿಸಿದ್ದು ರಿಟೆನ್ಷನ್ ಗ್ರಾಫ್, ಅಂದರೆ ವಿಡಿಯೋದ ಯಾವ ಹೊತ್ತಿಗೆ ಎಷ್ಟು ಜನ ಉಳಿದಿದ್ದಾರೆ ಅಂತ ತೋರಿಸುವ ಗೆರೆ. "ಭಾವನಿಗೆ ಗೆರೆ ನೋಡೋ ಹುಚ್ಚು" ಅಂತ ಮನೆಯಲ್ಲಿ ನಕ್ಕವರೆಲ್ಲ ಈಗ ಸ್ವಲ್ಪ ಸುಮ್ಮನಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಯೂಟ್ಯೂಬ್ ಸ್ಟುಡಿಯೋ ಎಲ್ಲಿ, ಗ್ರಾಫ್ ಎಲ್ಲಿ ಅಂತ ನಿಮಗೆ ಗೊತ್ತಿರುತ್ತದೆ. ನಾನು ಹೇಳುವುದು ಮೊದಲ 30 ಸೆಕೆಂಡಿನ ಮಾತು ಮಾತ್ರ.

ಮೊದಲು ನನ್ನ ದಡ್ಡತನ. ಪ್ರತಿ ವಿಡಿಯೋಕ್ಕೂ ಸ್ಟುಡಿಯೋ ಒಂದು ಸಾಲು ತೋರಿಸುತ್ತದೆ, 30ನೇ ಸೆಕೆಂಡಿನಲ್ಲಿ ಶೇಕಡಾ ಎಷ್ಟು ಜನ ಉಳಿದಿದ್ದಾರೆ ಅಂತ. ನನ್ನದಕ್ಕೆ ಯಾವಾಗಲೂ Typical ಅಂತಲೇ ಬರುತ್ತಿತ್ತು. ಸರಿ, ಶುರುವಿನಲ್ಲಿ ತೊಂದರೆ ಇಲ್ಲ ಅಂದುಕೊಂಡು ನಡುವಿನ ಭಾಗ ತಿದ್ದುತ್ತಾ ಕೂತೆ. ಲೈಟಿಗೆ ದುಡ್ಡು ಹಾಕಿದೆ, ಮೈಕ್ ಬದಲಾಯಿಸಿದೆ. ಸುಮಾರು ಒಂದು ವರ್ಷ ಆದ ಮೇಲೆ ತಲೆಗೆ ಹೊಳೆಯಿತು: ಗ್ರಾಫಿನಲ್ಲಿ ಈ ಮಾಮೂಲು ಮಟ್ಟ ತೋರಿಸುವ ಬೂದು ಪಟ್ಟಿ ಹೋಲಿಸುವುದು ನನ್ನದೇ ಹಿಂದಿನ ವಿಡಿಯೋಗಳ ಜೊತೆ, ಹೆಚ್ಚೂಕಡಿಮೆ ಅದೇ ಉದ್ದದವುಗಳ ಜೊತೆ. ಎಲ್ಲ ವಿಡಿಯೋದ ಶುರುವೂ ಒಂದೇ ಥರ ಕೆಟ್ಟಿದ್ದರೆ ಕೆಟ್ಟದ್ದೇ ಮಾಮೂಲು ಆಗಿಬಿಡುತ್ತದೆ, ಅಲ್ವಾ? ನನ್ನ ಎಲ್ಲ ವಿಡಿಯೋಕ್ಕೂ ಒಂದೇ ಲೋಗೋ, ಒಂದೇ ನಮಸ್ಕಾರ. ಪಾಸಾಗುತ್ತಿದ್ದದ್ದು ನನ್ನದೇ ಹಳೇ ಫೇಲ್ ಮಾರ್ಕ್ಸಿನ ಎದುರು.

ಆ ಲೋಗೋ ಕತೆಯೂ ಹೇಳಿಬಿಡುತ್ತೇನೆ. ತಿರುಗುವ ರೋಟರ್, ಕಿಡಿ, ಸಂಗೀತ, ಒಟ್ಟು ಏಳು ಸೆಕೆಂಡ್. ಮಾಡಿಸಿದ್ದಕ್ಕೆ 4,500 ರೂಪಾಯಿ. ದುಡ್ಡು ಕೊಟ್ಟಿದ್ದೇನಲ್ಲ ಅಂತ ಅದನ್ನು ತೆಗೆಯುವುದಕ್ಕೆ ಮನಸ್ಸೇ ಬರಲಿಲ್ಲ.

ಈಗ ಒಂದು ವಿಡಿಯೋ ಬಿಚ್ಚಿ ತೋರಿಸುತ್ತೇನೆ. ವಿಷಯ: ಸಂಪ್ ಮೋಟರ್ ಹೂಂ ಅಂತದೆ, ತಿರುಗಲ್ಲ. ಕಾವೇರಿ ನೀರು ಬಿಡುವ ದಿನ ನಮ್ಮ ಅಂಗಡಿಗೆ ಇದೇ ದೂರು ಜಾಸ್ತಿ. ವಿಡಿಯೋ ಉದ್ದ 8 ನಿಮಿಷ 20 ಸೆಕೆಂಡ್. ಮೊದಲ ಐದು ಸೆಕೆಂಡ್ ನನ್ನ ಮುಖ, ನಮಸ್ಕಾರ. 12ರವರೆಗೆ ಲೋಗೋ. 26ರವರೆಗೆ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಮೋಟರ್ ಕಾಣಿಸುವುದು ಆಮೇಲೆ.

ಉದ್ದ ಯಾಕೆ ಹೇಳಿದೆ ಅಂದರೆ ಗುಟ್ಟು ಅಲ್ಲೇ ಇದೆ. ಯೂಟ್ಯೂಬಿನಿಂದ ಅಂಕಿಗಳನ್ನು ನೇರವಾಗಿ ತರಿಸಿಕೊಳ್ಳುವ ಎಪಿಐನಲ್ಲಿ ಈ ಗ್ರಾಫ್ ಬರುವುದು 100 ತುಂಡಾಗಿ. ವಿಡಿಯೋ ಎಷ್ಟೇ ಉದ್ದ ಇರಲಿ, ತುಂಡು ನೂರೇ. 500 ಸೆಕೆಂಡಿನ ವಿಡಿಯೋ ಆದರೆ ಒಂದು ತುಂಡಿಗೆ 5 ಸೆಕೆಂಡ್. 20 ನಿಮಿಷದ್ದಾದರೆ 12 ಸೆಕೆಂಡ್. ಅಂದರೆ 20 ನಿಮಿಷದ ವಿಡಿಯೋದಲ್ಲಿ ನನ್ನ ನಮಸ್ಕಾರ, ಲೋಗೋ ಎರಡೂ ಒಂದೇ ತುಂಡಿನ ಹೊಟ್ಟೆಯಲ್ಲಿ. ಯಾವುದಕ್ಕೆ ಜನ ಎದ್ದು ಹೋದರು ಅಂತ ಗೊತ್ತಾಗುವುದೇ ಇಲ್ಲ. ಇದು ತಿಳಿಯದೆ ನಾನು ಉದ್ದದ್ದನ್ನೂ ಚಿಕ್ಕದ್ದನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸಿ ತಿಂಗಳುಗಟ್ಟಲೆ ತಪ್ಪು ಲೆಕ್ಕ ಹಾಕಿದ್ದೆ. ಸ್ಟುಡಿಯೋದ ಗೆರೆಯನ್ನೂ ಈಗ ಇದೇ ಲೆಕ್ಕದಲ್ಲಿ ಓದುತ್ತೇನೆ. ಅಂಕಿ ಬೇಕಾದಾಗ ಅಕ್ಕನ ಮಗ ಬರೆದುಕೊಟ್ಟ ಈ ನಾಲ್ಕು ಸಾಲು, ಜೊತೆಗೆ ಶುರು ಮತ್ತು ಕೊನೆ ತಾರೀಖು:

```
ids=channel==MINE
dimensions=elapsedVideoTimeRatio
metrics=audienceWatchRatio
filters=video==VIDEO_ID;audienceType==ORGANIC
```

ಆ ಸಂಪ್ ಮೋಟರ್ ವಿಡಿಯೋದ ಅಂಕಿ ನೆನಪಿದ್ದಷ್ಟು ಹೇಳುತ್ತೇನೆ, ಎಲ್ಲ ಶೇಕಡಾ ಲೆಕ್ಕದಲ್ಲಿ. 5ನೇ ಸೆಕೆಂಡಿನಲ್ಲಿ 91. 10ರಲ್ಲಿ 70. 15ರಲ್ಲಿ 61, 20ರಲ್ಲಿ 55, 25ರಲ್ಲಿ 52. 30ಕ್ಕೆ ಬಂದರೆ 58.

ಕೊನೆಯದನ್ನು ಇನ್ನೊಂದು ಸಲ ನೋಡಿ. 52 ಇದ್ದದ್ದು 58 ಆಗಿದೆ. ಎದ್ದು ಹೋದವರು ವಾಪಸ್ ಬಂದರಾ? ಇಲ್ಲ. ಅವರು ಹೋಗಿರಲೇ ಇಲ್ಲ. ಪರದೆಯ ಬಲಗಡೆ ಎರಡು ಸಲ ತಟ್ಟಿದರೆ ವಿಡಿಯೋ 10 ಸೆಕೆಂಡ್ ಮುಂದೆ ಹಾರುತ್ತದೆ. ಬೆಲ್ ಒತ್ತಿ ಅನ್ನುವ ನನ್ನ ಭಾಷಣ ದಾಟಿಸಿಕೊಂಡು ಮೋಟರ್ ಹತ್ತಿರ ಇಳಿದವರು ಅವರು. ಗೆರೆ ಹಳ್ಳಕ್ಕೆ ಇಳಿದು ಮತ್ತೆ ಹತ್ತಿದರೆ ಜನ ಹಾರಿದ್ದಾರೆ ಅಂತ ಅರ್ಥ. ಮೆಟ್ಟಿಲಿನ ಹಾಗೆ ಇಳಿದು ಅಲ್ಲೇ ನಿಂತರೆ ಹೋಗಿಯೇ ಬಿಟ್ಟಿದ್ದಾರೆ. ಹಾರಿದವರಿಗೆ ವಿಷಯ ಬೇಕು, ನಿಮ್ಮ ಮಾತು ಬೇಡ. ಹೋದವರಿಗೆ ಇಲ್ಲಿ ವಿಷಯ ಇದೆ ಅಂತಲೇ ಅನ್ನಿಸಿಲ್ಲ. ಎರಡಕ್ಕೂ ಒಂದೇ ಔಷಧಿ ನಡೆಯುವುದಿಲ್ಲ. ಬೆಲ್ ಭಾಷಣ ಕಿತ್ತು ಹಾಕಿದರೆ ಹಳ್ಳ ಮುಚ್ಚುತ್ತದೆ. ಆದರೆ 91ರಿಂದ 70ಕ್ಕೆ ಬಿದ್ದ ಮೆಟ್ಟಿಲು ಹಾಗೇ ಇರುತ್ತದೆ.

ಆ ಮೆಟ್ಟಿಲಿನ ವಿಷಯದಲ್ಲಿ ಮನೆಯಲ್ಲಿ ಜಗಳವೇ ಆಯಿತು. ಎಡಿಟಿಂಗ್ ಮಾಡುವವನು ನನ್ನ ಭಾಮೈದ. "ನಮಸ್ಕಾರ ಹೇಳದೆ ಮೋಟರ್ ತೋರಿಸಿದರೆ ಜನ ಏನಂದುಕೊಳ್ಳಲ್ಲ ಭಾವ? ಬಾಗಿಲು ತಟ್ಟದೆ ಒಳಗೆ ನುಗ್ಗಿದ ಹಾಗಾಗುತ್ತದೆ" ಅಂದ. ಅವನ ಮಾತಿನಲ್ಲೂ ನಿಜ ಇತ್ತು, ಅರ್ಧ. ಸಬ್‌ಸ್ಕ್ರೈಬ್ ಮಾಡಿದವರು, ಮಾಡದವರು ಅಂತ ಗೆರೆಯನ್ನು ಬೇರೆ ಮಾಡಿ ನೋಡಿದೆವು. ಮಾಡಿದವರಲ್ಲಿ 30ನೇ ಸೆಕೆಂಡಿಗೆ ಸುಮಾರು 78 ಉಳಿದಿದ್ದರು. ಮಾಡದವರಲ್ಲಿ 50 ಕೂಡ ಇರಲಿಲ್ಲ. ಗೊತ್ತಿದ್ದವರು ನಮಸ್ಕಾರಕ್ಕೆ ಕಾಯುತ್ತಾರೆ. ಸಂಪಿನಲ್ಲಿ ನೀರಿದ್ದು ಟ್ಯಾಂಕಿಗೆ ಏರದೆ, ಸ್ನಾನಕ್ಕೆ ನಿಂತವರು ಮನೆಯಲ್ಲಿ ಕೂಗುತ್ತಿರುವಾಗ ಹುಡುಕಿ ಬಂದವನು ಕಾಯುವುದಿಲ್ಲ.

ಇದೇ ಕಾರಣಕ್ಕೆ ಮೊದಲ ಎರಡು ದಿನದ ಗ್ರಾಫ್ ನೋಡಿ ಹಿಗ್ಗಬೇಡಿ. ಡೇಟಾ ಬರುವುದಕ್ಕೇ ಒಂದೆರಡು ದಿನ ಬೇಕು. ಆಗ ಬರುವವರಲ್ಲಿ ಗೊತ್ತಿದ್ದವರೇ ಜಾಸ್ತಿ, ಗೆರೆ ಚಂದ ಕಾಣಿಸುತ್ತದೆ. ನಾನು ಹತ್ತು ದಿನ ಬಿಟ್ಟು ನೋಡುತ್ತೇನೆ. ವ್ಯೂ ಮುನ್ನೂರು, ನಾನೂರು ದಾಟದಿದ್ದರೆ ಆಗಲೂ ನಂಬುವುದಿಲ್ಲ. ಅಷ್ಟು ಕಡಿಮೆ ಜನರಲ್ಲಿ ನಾಲ್ಕು ಜನ ಎದ್ದು ಹೋದರೂ ಗೆರೆ ಕುಣಿಯುತ್ತದೆ.

ಫಿಲ್ಟರ್‌ನಲ್ಲಿ ORGANIC ಯಾಕೆ ಇದೆ ಅಂದರೆ ಅಲ್ಲೂ ದುಡ್ಡು ಕಳೆದಿದ್ದೇನೆ. ಒಂದು ಮಿಕ್ಸಿ ವಿಡಿಯೋಕ್ಕೆ 6,000 ರೂಪಾಯಿ ಕೊಟ್ಟು ಪ್ರಮೋಷನ್ ಮಾಡಿದ್ದೆ. ವ್ಯೂ ಬಂತು, ಗೆರೆ ಮಾತ್ರ ಬಾವಿಗೆ ಬಿತ್ತು. ಶುರುವೇ ಸರಿ ಇಲ್ಲ ಅಂತ ಅದೇ ಥರದ ಇನ್ನೆರಡು ವಿಡಿಯೋದ ಶುರುವನ್ನು ಮತ್ತೆ ಶೂಟ್ ಮಾಡಿದೆ. ಎಷ್ಟೋ ದಿನ ಆದ ಮೇಲೆ ಜಾಹೀರಾತಿನಿಂದ ಬಂದವರನ್ನು ಬೇರೆ ಮಾಡಿ ನೋಡಿದರೆ ತಾನಾಗಿ ಬಂದವರ ಗೆರೆ ಚೆನ್ನಾಗಿಯೇ ಇತ್ತು. ಜಾಹೀರಾತು ನೋಡಿ ಬಂದವರ ಮನೆ ಮಿಕ್ಸಿ ಕೆಟ್ಟಿರಲಿಲ್ಲ, ಅಷ್ಟೇ.

ಈಗ ಆ 91ರಿಂದ 70. ಐದು ಸೆಕೆಂಡಿನ ತುಂಡಿನಲ್ಲಿ ಬಿದ್ದದ್ದು ಎಲ್ಲಿ? ಇಲ್ಲೊಂದು ಉಪಾಯ ಮಾಡಿದೆ, ಇದು ನನ್ನದೇ ತಲೆ. ಅದೇ ಶುರು ಇಟ್ಟುಕೊಂಡು ಬೇರೆ ಮೋಟರಿನ ಒಂದು ಚಿಕ್ಕ ವಿಡಿಯೋ ಮಾಡಿದೆ. ಸರಿಯಾಗಿ 100 ಸೆಕೆಂಡ್. ಆಗ ಒಂದು ತುಂಡಿಗೆ ಒಂದೇ ಸೆಕೆಂಡ್! ಅಡ್ಡ ವಿಡಿಯೋನೇ ಇರಬೇಕು. ಉದ್ದಕ್ಕೆ ಹಿಡಿದು ತೆಗೆದರೆ ಅದು ಶಾರ್ಟ್ಸ್ ಆಗಿಬಿಡುತ್ತದೆ, ಅಲ್ಲಿ ಬೆರಳು ತಳ್ಳುವವರ ಲೆಕ್ಕವೇ ಬೇರೆ. ನೋಡಿದರೆ ನಮಸ್ಕಾರದ ಐದು ಸೆಕೆಂಡ್ ಗೆರೆ ನಿಧಾನಕ್ಕೆ ಇಳಿದಿತ್ತು. ಲೋಗೋ ಶುರುವಾದ ಎರಡು ಸೆಕೆಂಡಿನೊಳಗೆ ಧಡ್ ಅಂತ ಬಿದ್ದಿತ್ತು. ಪೂರ್ತಿ ನೋಡಿ ಬೇಜಾರಾಗಿ ಹೋದವರಲ್ಲ ಇವರು. ಸಂಗೀತ ಬಂದ ತಕ್ಷಣ ಹೋದವರು. ಸೌಂಡ್ ಜಾಸ್ತಿ ಇದೆಯೇನೋ ಅಂತ ಇನ್ನೊಂದರಲ್ಲಿ ಲೋಗೋ ಇಟ್ಟು ಸಂಗೀತ ಮಾತ್ರ ತೆಗೆದು ನೋಡಿದೆ. ಹೆಚ್ಚೇನೂ ಬದಲಾಗಲಿಲ್ಲ. 4,500 ರೂಪಾಯಿ ಅಲ್ಲಿಗೆ ಮುಗಿಯಿತು.

ಲೋಗೋ, ಬೆಲ್ ಎರಡೂ ಕಿತ್ತೆ. ಮುಂದಿನ ಸಂಪ್ ಮೋಟರ್ ವಿಡಿಯೋ ಮೋಟರಿನ ಸದ್ದಿನಿಂದಲೇ ಶುರು. ಸ್ವಿಚ್ ಹಾಕುತ್ತೇನೆ, ಹೂಂ ಅಂತದೆ. ಕೋಲಿನ ತುದಿಯಲ್ಲಿ ಹಿಂದಿನ ಫ್ಯಾನ್ ತಿರುವುತ್ತೇನೆ, ಮೋಟರ್ ಓಡುತ್ತದೆ. ಅಲ್ಲಿ ಕೈ ಹಾಕಬೇಡಿ, ಇದು ಅನುಭವಸ್ಥರ ಕೆಲಸ. "ಕೆಪಾಸಿಟರ್ ಹೋಗಿದೆ" ಅಂತ 13ನೇ ಸೆಕೆಂಡಿಗೆ ಹೇಳಿಬಿಟ್ಟೆ. 15ರಲ್ಲಿ 86 ಇತ್ತು, ಕುಣಿದಾಡುವಷ್ಟು ಖುಷಿ. 20ರಲ್ಲಿ 71. ಮತ್ತೆ ಮೆಟ್ಟಿಲು.

ಇದು ಬೇರೆ ಜಾತಿಯ ಮೆಟ್ಟಿಲು. ಇವರು ಬೇಜಾರಾಗಿ ಹೋಗಲಿಲ್ಲ, ಉತ್ತರ ಸಿಕ್ಕಿ ಹೋದರು. ಇದನ್ನು ಗುರುತಿಸುವುದು ಸುಲಭ: ಬೀಳುವುದು ನಿಮ್ಮ ಉತ್ತರದ ವಾಕ್ಯ ಮುಗಿದ ಮೇಲೆ, ಅದರ ಮುಂಚೆ ಗೆರೆ ಹೆಚ್ಚೂಕಡಿಮೆ ಸಮ. ಹಾಗಂತ ಉತ್ತರ ಮುಚ್ಚಿಟ್ಟು ಎಂಟನೇ ನಿಮಿಷದಲ್ಲಿ ಹೇಳಿದರೆ ನನಗೇ ನಾಚಿಕೆ. ಮೂರನೆಯದರಲ್ಲಿ ಮಾತು ತಿರುಗಿಸಿದೆ: "ಹೀಗಾಗುವುದಕ್ಕೆ ಮೂರು ಕಾರಣ. ಕೆಪಾಸಿಟರ್, ಜಾಮ್, ಇಲ್ಲಾ ವೈಂಡಿಂಗ್. ನಿಮ್ಮದು ಯಾವುದು ಅಂತ ಮೋಟರ್ ಬಿಚ್ಚದೆ ಹೇಗೆ ತಿಳಿಯುವುದು, ನೋಡಿ." ಏನೂ ಮುಚ್ಚಿಟ್ಟಿಲ್ಲ. ಆದರೆ ತನ್ನ ಮನೆಯದು ಯಾವುದು ಅಂತ ತಿಳಿಯಬೇಕಾದರೆ ಅವನು ನಿಲ್ಲಬೇಕು. 20ರಲ್ಲಿ 80, 30ರಲ್ಲಿ 76 ಅಂತ ನೆನಪು. ನಮಸ್ಕಾರ 40ನೇ ಸೆಕೆಂಡಿಗೆ, ಟೂಲ್ ಎತ್ತಿಕೊಳ್ಳುವಾಗ. ಅಲ್ಲಿ ಗೆರೆ ಅಲುಗಾಡುವುದೇ ಇಲ್ಲ. ಭಾಮೈದನಿಗೂ ಸಮಾಧಾನ.

ಮೊದಲ ಶಾಟ್ ಯಾವ ಕೋನದಿಂದ, ಆ ಹೂಂ ಸದ್ದನ್ನು ಹೇಗೆ ರೆಕಾರ್ಡ್ ಮಾಡುತ್ತೇನೆ ಅಂತ ಹೇಳಲ್ಲ. ಅಷ್ಟಾದರೂ ನನಗೆ ಇರಲಿ.

ದುಡ್ಡಿನ ಲೆಕ್ಕ ಕೇಳುತ್ತೀರಿ, ಗೊತ್ತು. ತಿಂಗಳಿಗೆ ಮೂರು ಸಾವಿರ ಬಂದರೆ ಹೆಚ್ಚು ಅನ್ನುವ ಚಾನೆಲ್ ಈಗ ಹತ್ತು ಹನ್ನೊಂದು ಸಾವಿರಕ್ಕೆ ಬಂದಿದೆ. ಅದಕ್ಕಿಂತ ಅಂಗಡಿಗೆ ಬರುವ ಫೋನ್ ದೊಡ್ಡದು. ಮಾಗಡಿ ರೋಡ್ ದಾಟದಿದ್ದ ಕೆಲಸ ಈಗ ಕೆಂಗೇರಿ, ಯಲಹಂಕದಿಂದಲೂ ಬರುತ್ತಿದೆ.

ಒಂದು ಮಾತ್ರ ಇನ್ನೂ ಬಿಡಿಸಲು ಆಗಿಲ್ಲ. ಗ್ರೈಂಡರ್ ವಿಡಿಯೋಗಳಲ್ಲಿ ಮೊದಲ ತುಂಡಿನಲ್ಲೇ 100ರಿಂದ ಎಂಬತ್ತರ ಕೆಳಗೆ ಬೀಳುತ್ತದೆ. ಲೋಗೋ ಇಲ್ಲ, ನಮಸ್ಕಾರ ಇಲ್ಲ, ಆದರೂ. ಮಾತು ಶುರುವಾಗುವ ಮುಂಚೆಯೇ ಹೋಗುತ್ತಾರೆ ಅಂದರೆ ವಿಡಿಯೋದಲ್ಲಿ ತಪ್ಪಿಲ್ಲ, ಥಂಬ್‌ನೇಲ್ ಏನೋ ಬೇರೆ ಹೇಳುತ್ತಿದೆ ಅನ್ನುವ ಅನುಮಾನ. ಥಂಬ್‌ನೇಲ್‌ನಲ್ಲಿ ಟೇಬಲ್ ಟಾಪ್ ಗ್ರೈಂಡರ್ ಇದೆ, ವಿಡಿಯೋ ತೆರೆದರೆ ಹಳೇ ದೊಡ್ಡ ಗ್ರೈಂಡರ್ ಕಾಣಿಸುತ್ತದೆ. ಈ ವಾರ ಮೂರು ಥಂಬ್‌ನೇಲ್ ಹಾಕಿ ಟೆಸ್ಟ್‌ಗೆ ಬಿಟ್ಟಿದ್ದೇನೆ. ಪುಣ್ಯಕ್ಕೆ ಅಲ್ಲಿ ಗೆಲುವು ಕ್ಲಿಕ್ಕಿನ ಮೇಲಲ್ಲ, ವಾಚ್ ಟೈಮ್ ಮೇಲೆ. ಇನ್ನೂ ಹತ್ತು ದಿನ ಆಗಿಲ್ಲ, ಗ್ರಾಫ್ ತೆರೆದಿಲ್ಲ.