ಕೌಲ್ ನೆಕ್: ಮೊದಲು ಡಮ್ಮಿಯ ಮೇಲೆ, ಆಮೇಲೆ ಕಾಗದದ ಮೇಲೆ

ಎದೆಯ ಮೇಲೆ ಸಡಿಲವಾಗಿ ನೆರಿಗೆ ಬಿದ್ದು ಇಳಿಯುವ ಕುತ್ತಿಗೆಯೇ ಕೌಲ್ ನೆಕ್. ಅದನ್ನು ನೇರ ಕಾಗದದಲ್ಲೇ ಬರೆಯಲು ಹೋದರೆ ನೆರಿಗೆ ಎಲ್ಲಿ ಬೀಳುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಉಡುಪಿಯ ನನ್ನ ಹೊಲಿಗೆ ಕೋಣೆಯಲ್ಲಿ ಅಕ್ಕನ ಮಗಳ ರಿಸೆಪ್ಷನ್ ಗೌನಿಗೆ ಮಾಡಿದ್ದನ್ನೇ ಹೇಳುತ್ತೇನೆ.

ಮೊದಲು ಕೋರಾ ಬಟ್ಟೆಯಲ್ಲಿ ಹಾಕಿ ನೋಡಿದ್ದೆ. ಅದು ಬಿರುಸು. ಎದೆಯ ಮೇಲೆ ಗುಡಾರದ ಹಾಗೆ ನಿಂತಿತು. ಗೌನಿನ ಬಟ್ಟೆ ಕ್ರೇಪ್ ಆಗಿದ್ದರಿಂದ, ಅಷ್ಟೇ ಮೆತ್ತಗೆ ಬೀಳುವ ಅಗ್ಗದ ಕ್ರೇಪನ್ನೇ ತಂದೆ. 36 ಇಂಚಿನ ಚೌಕ ಸಾಕು.

ಚೌಕವನ್ನು ಮೂಲೆಯಿಂದ ಮೂಲೆಗೆ ಮಡಚಿ ಗೆರೆ ಹಾಕಿ. ಇದೇ ಪಕ್ಕಾ ಕ್ರಾಸ್, ಇದೇ ಎದೆಯ ನಡು ಗೆರೆ. ಮೇಲಿನ ಮೂಲೆಯಿಂದ ಈ ಗೆರೆಯ ಮೇಲೆಯೇ 12 ಇಂಚು ಕೆಳಕ್ಕೆ ಗುರುತು ಹಾಕಿ, ಆ ಗುರುತಿನಲ್ಲಿ ಮಡಿಕೆ ಬರುವಂತೆ ಮೂಲೆಯನ್ನು ಬಟ್ಟೆಯ ಒಳಮಗ್ಗುಲಿಗೆ ಮಡಚಿ. ಮಡಿಕೆಯೇ ಕುತ್ತಿಗೆಯ ಅಂಚು, ಒಳಗೆ ಹೋದದ್ದು ಫೇಸಿಂಗ್.

ಈಗ ಅಳತೆ. ಡಮ್ಮಿಯ ಎರಡೂ ಹೆಗಲಲ್ಲಿ ಕೌಲ್ ಶುರುವಾಗುವ ಜಾಗಕ್ಕೆ ಗುರುತು ಹಾಕಿ, ಬೇಕಾದಷ್ಟು ಆಳಕ್ಕೆ ಟೇಪನ್ನು ಇಳಿಬಿಟ್ಟು ಅಳೆಯಿರಿ. ನನಗೆ 16 ಇಂಚು ಬಂತು. ಹಾಗಾಗಿ ಮಡಿಕೆಯಲ್ಲಿ ನಡು ಗೆರೆಯಿಂದ ಆಚೀಚೆ 8 ಇಂಚಿಗೆ ಗುರುತು. ಆ ಗುರುತುಗಳನ್ನು ಹೆಗಲಿಗೆ ಗುಂಡುಸೂಜಿಯಿಂದ ಚುಚ್ಚಿ, ನಡುವನ್ನು ಸುಮ್ನೆ ಬೀಳಲು ಬಿಡಿ. ಬಟ್ಟೆಯ ನಡು ಗೆರೆ ಡಮ್ಮಿಯ ನಡು ಗೆರೆಯ ಮೇಲೇ ಇರಬೇಕು. ಅರ್ಧ ಇಂಚು ಜರುಗಿದರೂ ನೆರಿಗೆಗಳು ಒಂದೇ ಪಕ್ಕಕ್ಕೆ ವಾಲುತ್ತವೆ, ಕಣ್ಣಿಗೇ ಕಾಣುತ್ತದೆ.

ಇನ್ನೂ ಒಂದು ಮಡಿಕೆ ಬೇಕಿದ್ದರೆ ಹೆಗಲಲ್ಲಿ ಬಟ್ಟೆ ಎತ್ತಿ ಒಂದು ಪ್ಲೀಟ್ ಹಿಡಿಯಿರಿ. ಆಮೇಲೆ ಬದಿ ಮತ್ತು ಸೊಂಟದ ಕಡೆ ಸವರಿ ಪಿನ್ ಮಾಡಿ. ಎಳೆಯಬೇಡಿ, ಕ್ರಾಸ್ ಬಟ್ಟೆ ಎಳೆದಷ್ಟೂ ಬರುತ್ತದೆ. ಎದೆಯ ಡಾರ್ಟ್ ಬೇರೆ ಬೇಡ, ಆ ಸಡಿಲವೆಲ್ಲ ಕೌಲಿಗೇ ಹೋಗಿರುತ್ತದೆ. ನಾನು ಒಂದು ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ನೋಡಿದರೆ ಅಂಚು ಸ್ವಲ್ಪ ಇಳಿದಿತ್ತು, ಹೆಗಲಲ್ಲಿ ಸರಿ ಮಾಡಿಕೊಂಡೆ.

ಬಿಚ್ಚುವ ಮೊದಲು ಹೆಗಲು, ಆರ್ಮ್‌ಹೋಲ್, ಬದಿ, ಸೊಂಟಕ್ಕೆಲ್ಲ ಪೆನ್ಸಿಲ್ ಚುಕ್ಕೆ ಹಾಕಿ. ಪ್ಲೀಟಿನ ಎರಡೂ ಅಂಚಿಗೆ ಅಡ್ಡ ಗೆರೆ ಮರೆಯಬೇಡಿ.

ಕಾಗದದ ಮೇಲೆ ಒಂದು ನೇರ ಗೆರೆ, ಅದರ ತುದಿಗೆ ಲಂಬಕೋನದಲ್ಲಿ ಇನ್ನೊಂದು ಎಳೆಯಿರಿ. ಬಟ್ಟೆಯ ನಡು ಗೆರೆ ಮೊದಲನೆಯದರ ಮೇಲೆ, ಕುತ್ತಿಗೆಯ ಮಡಿಕೆ ಎರಡನೆಯದರ ಮೇಲೆ ಕೂರಬೇಕು. ಇಲ್ಲಿ ಲಂಬಕೋನ ತಪ್ಪಿದರೆ ಹೊಲಿದಾಗ ನಡುವಲ್ಲಿ ಚೂಪು ಬರುತ್ತದೆ. ಒಂದು ಅರ್ಧವನ್ನು ಮಾತ್ರ ಟ್ರೇಸಿಂಗ್ ವೀಲಿನಿಂದ ಇಳಿಸಿ, ಕಾಗದವನ್ನು ನಡುವಲ್ಲಿ ಮಡಚಿ ಇನ್ನೊಂದು ಅರ್ಧ ತೆಗೆಯಿರಿ. ಹೆಗಲ ಗೆರೆ ಕತ್ತರಿಸುವಾಗ ಕಾಗದದಲ್ಲೂ ಪ್ಲೀಟ್ ಮಡಚಿಯೇ ಕತ್ತರಿಸಿ. ಬಿಡಿಸಿದಾಗ ಅಂಚು ಅಂಕುಡೊಂಕಾಗಿ ಕಾಣುತ್ತದೆ, ಅದು ಸರಿಯೇ. ಮಡಚಿದಾಗಿನ ಉದ್ದ ಹಿಂಭಾಗದ ಹೆಗಲಿಗೆ ಸಮ ಬರಬೇಕು, ಅಷ್ಟೇ.

ಮಡಿಕೆಯ ಆಚೆ 3 ಇಂಚು ಫೇಸಿಂಗ್, ಸುತ್ತ ಹೊಲಿಗೆಗೆ ಬಿಡುವ ಬಟ್ಟೆ, ನಡು ಗೆರೆಗೆ 45 ಡಿಗ್ರಿಯಲ್ಲಿ ಬಟ್ಟೆಯ ನೂಲೆಳೆಯ ದಿಕ್ಕಿನ ಗುರುತು ಸೇರಿಸಿ. ಬಟ್ಟೆಯನ್ನು ಒಂದೇ ಪದರದಲ್ಲಿ ಹರಡಿ ಕತ್ತರಿಸಿ. ಹಿಂದಿನ ಕುತ್ತಿಗೆಯನ್ನು ಮಾತ್ರ ಜಾಸ್ತಿ ಅಗಲ ಮಾಡಬೇಡಿ, ಮುಂದಿನ ಭಾರಕ್ಕೆ ಇಡೀ ಗೌನ್ ಹೆಗಲಿಂದ ಜಾರುತ್ತದೆ.