ಕಾಫಿ ಪುಡಿಗೆ ಬರೆಯುವವರ ಕೈಗೆ ಕೊಡಬೇಕಾದ ಎರಡು ಪುಟ

ಚಿಕ್ಕಮಗಳೂರಿನ ಸಣ್ಣದೊಂದು ಕಾಫಿ ಪುಡಿ ಬ್ರ್ಯಾಂಡ್ ಎಂದುಕೊಳ್ಳಿ. ಪ್ಯಾಕೆಟ್ ಮೇಲಿನ ಬರಹ ಒಬ್ಬರದು, ಇನ್‌ಸ್ಟಾಗ್ರಾಂ ಪೋಸ್ಟ್ ಮತ್ತೊಬ್ಬರದು. ಅಲ್ಲಿ 'ದಿವ್ಯ ಪರಿಮಳ', ಇಲ್ಲಿ 'ಮಗಾ, ಸಖತ್ ಕಾಫಿ'. ಗಿರಾಕಿಗೆ ಎರಡು ಅಂಗಡಿ ಕಂಡಂತಾಗುತ್ತದೆ. ಬರೆಯುವವರಿಗೆಲ್ಲ ಎರಡು ಪುಟದ ಸೂಚನೆ ಕೊಟ್ಟರೆ ಇದು ತಪ್ಪುತ್ತದೆ. ಇಪ್ಪತ್ತು ಪುಟ ಕೊಟ್ಟರೆ ಯಾರೂ ಓದುವುದಿಲ್ಲ.

ಮೊದಲು ದನಿ. 'ಸರಳ, ಆತ್ಮೀಯ' ಎಂದಷ್ಟೇ ಬರೆದರೆ ಪ್ರತಿಯೊಬ್ಬರೂ ತಮಗೆ ತೋಚಿದ ಅರ್ಥ ಮಾಡಿಕೊಳ್ಳುತ್ತಾರೆ. ಯಾರು ಯಾರೊಡನೆ ಮಾತಾಡುತ್ತಿದ್ದಾರೆ ಎಂದು ಹೇಳಿ: ಬೀಜ ಹುರಿಯುವವರು, ದಿನಾ ಬರುವ ಗಿರಾಕಿಯೊಡನೆ. ಆದ್ದರಿಂದ 'ನೀವು', ಎಂದೂ 'ನೀನು' ಅಲ್ಲ. ಜತೆಗೊಂದು ಉದಾಹರಣೆ ಇಡಿ.

ಬೇಡ: 'ಮಲೆನಾಡಿನ ಮಡಿಲಿನಿಂದ ಅಪ್ಪಟ ಕಾಫಿಯ ಸ್ವರ್ಗೀಯ ಅನುಭವ.'

ಬೇಕು: '70 ಭಾಗ ಕಾಫಿ, 30 ಭಾಗ ಚಿಕೋರಿ. ಡಿಕಾಕ್ಷನ್ ಗಟ್ಟಿಯಾಗಿ ಇಳಿಯುತ್ತದೆ, ಹಾಲು ತುಸು ಜಾಸ್ತಿಯಾದರೂ ರುಚಿ ಕೆಡದು.'

ಮೊದಲನೆಯದನ್ನು ಯಾವ ಪುಡಿಗೆ ಬೇಕಾದರೂ ಅಂಟಿಸಬಹುದು. ಎರಡನೆಯದು ಈ ಪುಡಿಗೆ ಮಾತ್ರ.

ನಂತರ ನಿಷಿದ್ಧ ಪದಗಳು. ಕಾರಣ ಬರೆಯದ ಪಟ್ಟಿಯನ್ನು ಯಾರೂ ಪಾಲಿಸುವುದಿಲ್ಲ. 'ಅಪ್ಪಟ', 'ಶುದ್ಧ' ಬೇಡ: ಆಹಾರ ಜಾಹೀರಾತು ಕುರಿತ 2018ರ ನಿಯಮಗಳು ಇಂಥ ಪದಗಳಿಗೆ ಷರತ್ತು ಹಾಕಿವೆ, ಚಿಕೋರಿ ಬೆರೆಸಿದ್ದು ಹೇಗೂ ಶುದ್ಧ ಕಾಫಿಯಲ್ಲ. ಮಿಶ್ರಣದಲ್ಲಿ ಕನಿಷ್ಠ 51 ಭಾಗ ಕಾಫಿ ಇರಬೇಕು, ಪ್ರಮಾಣವನ್ನು ಪ್ಯಾಕೆಟ್ ಮೇಲೆ ಹೇಳಬೇಕು. ಹಾಗಾಗಿ ಆ ಪದದ ಜಾಗದಲ್ಲಿ ಪ್ರಮಾಣವನ್ನೇ ಬರೆಸಿ. 'ಸಾವಯವ' ಎನ್ನಲು ಪ್ರಮಾಣಪತ್ರ ಬೇಕು, ತೋಟಕ್ಕೆ ಸಗಣಿ ಗೊಬ್ಬರ ಹಾಕಿದರೆ ಸಾಲದು. 'ಸಕ್ಕರೆ ಕಾಯಿಲೆಗೆ ಒಳ್ಳೆಯದು' ಎಂಬುದಂತೂ ಬೇಡವೇ ಬೇಡ. 'ಚಿಕ್ಕಮಗಳೂರು ಅರೇಬಿಕಾ' ಬಳಸುವಾಗಲೂ ಎಚ್ಚರ: ಅದಕ್ಕೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಆ ಪ್ರದೇಶದ ಬೆಳೆಗಷ್ಟೇ ಸಲ್ಲುವ ಹೆಸರಿನ ರಕ್ಷಣೆ, ಸಿಕ್ಕಿದೆ. ಬೇರೆ ಜಾತಿಯ ರೋಬಸ್ಟಾ ಬೀಜ ಬೆರೆಸಿದ ಪುಡಿಗೆ ಆ ಹೆಸರು ಒಪ್ಪದು.

ಕೊನೆಗೆ ಒಪ್ಪಿಗೆ. ಬರಹಗಾರರು ಕರಡಿನ ಜತೆ, ಪ್ರತಿ ಅಂಕಿ ಎಲ್ಲಿಂದ ಬಂತೆಂದು ಬರೆದು ಕಳಿಸಬೇಕು. ಹುರಿಯುವವರು ರುಚಿ ಮತ್ತು ಪ್ರಮಾಣ ನೋಡುತ್ತಾರೆ, ಲೇಬಲ್ ಹೊಣೆ ಹೊತ್ತವರು ಕಾನೂನು ನೋಡುತ್ತಾರೆ, ಮಾಲೀಕರದು ಕೊನೆಯ ಮಾತು. ತಿದ್ದುಪಡಿ ಎರಡು ಸುತ್ತಿಗೆ ಮುಗಿಯಲಿ, ಮೂರನೆಯದಕ್ಕೆ ಬೇರೆ ಹಣ ಎಂದು ಮೊದಲೇ ಬರೆದಿಡಿ. ತಿದ್ದುಪಡಿ ಎಲ್ಲ ಒಂದೇ ಕಡತದಲ್ಲಿರಲಿ. ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ಹೇಳಿದ್ದು ಅಲ್ಲೇ ಕಳೆದುಹೋಗುತ್ತದೆ.

ಎಡವುವುದು ಸಾಮಾನ್ಯವಾಗಿ ಕೊನೆಯ ಮೆಟ್ಟಿಲಲ್ಲೇ. ಎಲ್ಲ ಒಪ್ಪಿದ ಮೇಲೆ ಮಾಲೀಕರು ಪ್ರೀತಿಯಿಂದ ಒಂದು 'ಅಪ್ಪಟ' ಸೇರಿಸುತ್ತಾರೆ. ಆಗ ಕರಡು ಮುದ್ರಣಕ್ಕೆ ಹೋಗಬಾರದು, ಲೇಬಲ್ ನೋಡುವವರ ಬಳಿಗೇ ಮರಳಬೇಕು.