ಕಬ್ಬಿನ ಬಿಲ್ ಹಿಡಿದು ಮೂರು ಆರ್ಥಿಕ ವ್ಯವಸ್ಥೆ ಕಲಿಸಿದ್ದು

ಬಾಗಲಕೋಟೆ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ದ್ವಿತೀಯ ಪಿಯುಸಿಯ ಶುರುವಿನಲ್ಲೇ ಮೂರು ಪ್ರಶ್ನೆ ಬರುತ್ತವೆ: ಏನನ್ನು ಉತ್ಪಾದಿಸಬೇಕು, ಹೇಗೆ ಉತ್ಪಾದಿಸಬೇಕು, ಯಾರಿಗಾಗಿ ಉತ್ಪಾದಿಸಬೇಕು. ಮಾರುಕಟ್ಟೆ ವ್ಯವಸ್ಥೆಯಲ್ಲಿ ಬೆಲೆ ಉತ್ತರ ಹೇಳುತ್ತದೆ, ಯೋಜಿತ ವ್ಯವಸ್ಥೆಯಲ್ಲಿ ಸರ್ಕಾರ ಹೇಳುತ್ತದೆ, ಮಿಶ್ರ ವ್ಯವಸ್ಥೆಯಲ್ಲಿ ಇಬ್ಬರೂ ಹೇಳುತ್ತಾರೆ. ಮಕ್ಕಳು ಇಷ್ಟನ್ನು ಬಾಯಿಪಾಠ ಮಾಡಿ ಅಂಕ ತಗೊಂಡು ಹೋಗುತ್ತಾರೆ. ಅಮೆರಿಕ, ರಷ್ಯಾ, ಭಾರತ ಎಂದು ಮೂರು ಹೆಸರು ಬರೆದರೆ ಮುಗಿಯಿತು.

ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಯಲ್ಲಿ ಕಬ್ಬಿದೆ. ಹಾಗಾಗಿ ದೇಶಗಳ ಹೆಸರು ಬಿಟ್ಟು, ಕಬ್ಬು ಒಂದನ್ನೇ ಹಿಡಿದು ಮೂರೂ ವ್ಯವಸ್ಥೆ ಕಲಿಸಲು ಶುರು ಮಾಡಿದೆ. ಮನೆಯಿಂದ ಎರಡು ಕಾಗದ ತರಲು ಹೇಳುತ್ತೇನೆ. ಒಂದು ಸಕ್ಕರೆ ಕಾರ್ಖಾನೆಯ ಬಿಲ್, ಇನ್ನೊಂದು ಬೆಲ್ಲ ಮಾರಿದ ಪಟ್ಟಿ. ಬೆಲ್ಲದ ಗಾಣ ಇರುವವರು ಕಡಿಮೆ, ಆದರೂ ಮಹಾಲಿಂಗಪುರದ ಬೆಲ್ಲದ ಪೇಟೆ ಹತ್ತಿರ ಇರುವುದರಿಂದ ಯಾರಾದರೂ ಒಬ್ಬರು ತಂದೇ ತರುತ್ತಾರೆ. ಬೋರ್ಡಿನ ಮೇಲೆ ಮೂರು ಪ್ರಶ್ನೆಯ ಪಕ್ಕ ನಾಲ್ಕನೆಯದನ್ನೂ ಬರೆಯುತ್ತೇನೆ: ಲೆಕ್ಕ ತಪ್ಪಿದರೆ ಅದು ಎಲ್ಲಿ ಕಾಣುತ್ತದೆ? ಈ ನಾಲ್ಕನೆಯ ಪ್ರಶ್ನೆ ಪುಸ್ತಕದಲ್ಲಿಲ್ಲ. ನನ್ನ ಮಟ್ಟಿಗೆ ಇಡೀ ಪಾಠ ನಿಂತಿರುವುದೇ ಅದರ ಮೇಲೆ.

ಮೊದಲು ಬೆಲ್ಲ, ಅಂದರೆ ಮಾರುಕಟ್ಟೆ ವ್ಯವಸ್ಥೆ. ಬೆಲ್ಲ ಎಷ್ಟು ಮಾಡಬೇಕು ಎಂದು ಗಾಣದವನಿಗೆ ಯಾರೂ ಆದೇಶ ಕೊಡುವುದಿಲ್ಲ. ದರ ಏರಿದರೆ ಗಾಣ ಹೂಡುತ್ತಾನೆ, ಇಳಿದರೆ ಕಬ್ಬನ್ನು ಕಾರ್ಖಾನೆಗೆ ಕಳಿಸುತ್ತಾನೆ. ಪೇಟೆಯಲ್ಲಿ ಪೆಂಟೆಗಳನ್ನು ಸಾಲಾಗಿ ಇಡುತ್ತಾರೆ, ವ್ಯಾಪಾರಿಗಳು ಬಣ್ಣ ಮತ್ತು ಗಟ್ಟಿತನ ನೋಡಿ ಸವಾಲು ಕೂಗುತ್ತಾರೆ. 'ಹೇಗೆ' ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಹೊನ್ನಿನ ಬಣ್ಣದ ಬೆಲ್ಲಕ್ಕೆ ಜಾಸ್ತಿ ದರ ಸಿಕ್ಕರೆ ಗಾಣದವನು ಆ ಬಣ್ಣದ ಹಿಂದೆ ಬೀಳುತ್ತಾನೆ. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುವುದು ಹಳೆಯ ಪದ್ಧತಿ. ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬೇಗ ಬಿಳುಪು ತರುವುದು ಹೊಸದು. ಕೊಳ್ಳುವವರು ಬಣ್ಣಕ್ಕೆ ಹಣ ಕೊಟ್ಟಿದ್ದರಿಂದ ಹೈಡ್ರೋಸ್ ಬಂತು ಎಂದು ಹೇಳಿದಾಗ, ಬೆಲೆ ಎಂಬುದು ಒಳ್ಳೆಯದನ್ನೇ ಆರಿಸುತ್ತದೆ ಎಂಬ ಭ್ರಮೆ ಮಕ್ಕಳಿಗೆ ಹೋಗುತ್ತದೆ. ಕಣ್ಣಿಗೆ ಕಾಣುವ ಗುಣಕ್ಕೆ ಮಾತ್ರ ಪೇಟೆ ದರ ಕಟ್ಟುತ್ತದೆ. ಕಾಣದ ಗುಣಕ್ಕೆ ಆಹಾರ ಸುರಕ್ಷತೆಯ ಕಾನೂನು ಬೇಕಾಗುತ್ತದೆ.

'ಯಾರಿಗಾಗಿ' ಎಂಬುದಕ್ಕೆ ಇಲ್ಲಿ ಉತ್ತರ ಸರಳ: ದುಡ್ಡು ಕೊಡಬಲ್ಲವನಿಗೆ. ಲೆಕ್ಕ ತಪ್ಪಿದರೆ? ಎಲ್ಲರೂ ಒಟ್ಟಿಗೆ ಗಾಣ ಹೂಡಿದ ವರ್ಷ ದರ ಬೀಳುತ್ತದೆ. ಪೆಂಟೆ ಎಷ್ಟೇ ಬಂದರೂ ಅಂದೇ ಮಾರಾಟವಾಗುತ್ತದೆ, ಆದರೆ ಕಡಿಮೆ ದರಕ್ಕೆ. ನಷ್ಟ ಗಾಣದವನ ಮೇಲೆ, ಅಂದೇ, ನೇರವಾಗಿ. ಅಂದರೆ ಇಲ್ಲಿ ತಪ್ಪು ಕಾಣುವುದು ದರದಲ್ಲಿ.

ಇನ್ನು ಯೋಜಿತ ವ್ಯವಸ್ಥೆ, ಅಂದರೆ ಆದೇಶದ ವ್ಯವಸ್ಥೆ. ಇದಕ್ಕೆ ನಾನು ಸೋವಿಯತ್ ಉಕ್ಕಿನ ಕಾರ್ಖಾನೆ ಬಿಟ್ಟು ಕ್ಯೂಬಾ ಹಿಡಿಯುತ್ತೇನೆ, ಏಕೆಂದರೆ ಅಲ್ಲೂ ಕಬ್ಬೇ. 1970ರ ಹಂಗಾಮಿಗೆ 1 ಕೋಟಿ ಟನ್ ಸಕ್ಕರೆ ಮಾಡಬೇಕೆಂದು ಫಿಡೆಲ್ ಕ್ಯಾಸ್ಟ್ರೊ ಸರ್ಕಾರ ಗುರಿ ಇಟ್ಟಿತು. ಗುರಿ ಮೊದಲು ಬಂತು, ಅದಕ್ಕೆ ಬೇಕಾದ ಕಬ್ಬು, ಕೂಲಿ, ಲಾರಿ, ಕಾರ್ಖಾನೆಯ ಸಾಮರ್ಥ್ಯದ ಲೆಕ್ಕ ಆಮೇಲೆ. 'ಏನನ್ನು' ಎಂಬುದು ಮೇಲಿನಿಂದ ಬಂದ ಒಂದು ಅಂಕಿ. 'ಹೇಗೆ' ಎಂಬುದೂ ಮೇಲಿನಿಂದಲೇ: ವಿದ್ಯಾರ್ಥಿಗಳು, ಕಚೇರಿ ನೌಕರರು, ಸೈನಿಕರನ್ನೆಲ್ಲ ಕಬ್ಬಿನ ಗದ್ದೆಗೆ ಇಳಿಸಿದರು. 1969ರ ಕ್ರಿಸ್‌ಮಸ್ ಆಚರಣೆಯನ್ನೂ ಮುಂದೂಡಿದರು.

ಇಲ್ಲಿಗೆ ಬಂದಾಗ ನಮ್ಮ ಮಕ್ಕಳು ನಗುತ್ತಾರೆ. "ಸರ್, ಆಫೀಸ್‌ದಾಗ ಕುಂತವ್ರು ಕಬ್ಬ ಕಡದ್ರ ಬುಡಾ ಬಿಟ್ಟ ಮ್ಯಾಗ ಕಡೀತಾರ್ರಿ" ಎಂದ ಒಬ್ಬ ಹುಡುಗ. ಪುಸ್ತಕ ಓದಿ ಹೇಳಿದ್ದಲ್ಲ, ಮನೆಯಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರ ಜೊತೆ ಅವನ ಅಪ್ಪ ದಿನಾ ಇದೇ ಜಗಳ ಆಡುತ್ತಾನಂತೆ. ಕಬ್ಬಿನ ಬುಡದಲ್ಲೇ ಸಕ್ಕರೆ ಜಾಸ್ತಿ. ಕಡಿದ ಕಬ್ಬು ಬೇಗ ನುರಿಯದಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಕೊನೆಗೆ ಕ್ಯೂಬಾದಲ್ಲಿ ಬಂದದ್ದು ಸುಮಾರು 85 ಲಕ್ಷ ಟನ್. ಅದು ಅಲ್ಲಿಯವರೆಗಿನ ದಾಖಲೆ! ಆದರೆ ಆ ದಾಖಲೆಗಾಗಿ ಬೇರೆ ಕೆಲಸದ ಜನ, ಲಾರಿ ಎಲ್ಲ ಇಲ್ಲಿಗೆ ಬಂದಿದ್ದರಿಂದ ಹಾಲು, ಸಿಮೆಂಟಿನಂಥವುಗಳ ಉತ್ಪಾದನೆ ಕುಸಿಯಿತು. ಇದನ್ನು 1970ರ ಜುಲೈ 26ರ ಭಾಷಣದಲ್ಲಿ ಕ್ಯಾಸ್ಟ್ರೊ ಅವರೇ ಒಪ್ಪಿಕೊಂಡರು.

ಅಷ್ಟು ಸಕ್ಕರೆ ಯಾರಿಗಾಗಿ? ದೊಡ್ಡ ಪಾಲು ಮೊದಲೇ ಒಪ್ಪಂದವಾದ ದರಕ್ಕೆ ಸೋವಿಯತ್ ಒಕ್ಕೂಟಕ್ಕೆ. ಕ್ಯೂಬಾದ ಮನೆಗಳಿಗೆ 1962ರಿಂದಲೇ ಪಡಿತರ ಚೀಟಿ ಇತ್ತು. 1969ರಲ್ಲಿ ಸಕ್ಕರೆಯೂ ಪಡಿತರಕ್ಕೆ ಸೇರಿತು. ಸಕ್ಕರೆ ಬೆಳೆಯುವ ನಾಡಿನಲ್ಲೇ ಸಕ್ಕರೆಗೆ ಚೀಟಿ. ಶ್ರೀಮಂತನಿಗೂ ಬಡವನಿಗೂ ಒಂದೇ ಅಳತೆ ಸಿಗುತ್ತಿತ್ತು ಎಂಬುದನ್ನೂ ನಾನು ಬೋರ್ಡಿನ ಮೇಲೆ ಬರೆಯುತ್ತೇನೆ, ಅದು ಸಣ್ಣ ಮಾತಲ್ಲ. ಆದರೆ ತಪ್ಪು ಕಾಣುವ ಜಾಗ ಬೇರೆ. ಚೀಟಿಯ ಅಂಗಡಿಯಲ್ಲಿ ದರ ಅಲುಗಾಡುವುದಿಲ್ಲ. ಹಾಗಾಗಿ ತಪ್ಪು ಸರತಿಯಲ್ಲಿ ಕಾಣುತ್ತದೆ, ಖಾಲಿ ಕಪಾಟಿನಲ್ಲಿ ಕಾಣುತ್ತದೆ. ಅದೂ ಸಕ್ಕರೆಯಲ್ಲೇ ಕಾಣಬೇಕೆಂದಿಲ್ಲ, ಹಾಲಿನ ಅಂಗಡಿಯಲ್ಲಿ ಕಾಣಬಹುದು.

ಈಗ ಕಾರ್ಖಾನೆಯ ಬಿಲ್ ಕೈಗೆತ್ತಿಕೊಳ್ಳುತ್ತೇವೆ. ಮಿಶ್ರ ವ್ಯವಸ್ಥೆ ಎಂದರೆ ಅರ್ಧ ಖಾಸಗಿ, ಅರ್ಧ ಸರ್ಕಾರಿ ಎಂದು ಮಕ್ಕಳು ಬರೆಯುತ್ತಾರೆ. ಬಿಲ್ ನೋಡಿದರೆ ಹಾಗಿಲ್ಲ. ಒಂದೊಂದು ಪ್ರಶ್ನೆಯ ಒಳಗೇ ಇಬ್ಬರ ಕೈ ಇದೆ. ಕಬ್ಬು ಹಚ್ಚಬೇಕೋ ಬೇಡವೋ ಎಂಬುದು ರೈತನ ಇಷ್ಟ. ಆದರೆ ಕನಿಷ್ಠ ದರವನ್ನು ಕೇಂದ್ರ ಸರ್ಕಾರ ಎಫ್‌ಆರ್‌ಪಿ ಎಂಬ ಹೆಸರಿನಲ್ಲಿ ಮೊದಲೇ ಘೋಷಿಸುತ್ತದೆ. ಜೋಳಕ್ಕೂ ಬೆಂಬಲ ಬೆಲೆ ಇದೆ, ಆದರೆ ಆ ಬೆಲೆಗೆ ಕೊಳ್ಳಲೇಬೇಕೆಂದು ವ್ಯಾಪಾರಿಗೆ ಕಟ್ಟುಪಾಡಿಲ್ಲ. ಕಬ್ಬಿಗೆ ಕಾರ್ಖಾನೆ ಎಫ್‌ಆರ್‌ಪಿ ಕೊಡಲೇಬೇಕು. ಹೀಗಾಗಿ ನೀರು ಸಿಕ್ಕ ಕಡೆಯೆಲ್ಲ ಕಬ್ಬು.

ಕಾರ್ಖಾನೆಯವರು ಖಾಸಗಿಯೋ ಸಹಕಾರಿಯೋ ಇರಬಹುದು, ಯಂತ್ರ ಅವರದು, ಸಾಲ ಅವರದು. ಆದರೆ ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಇರಬೇಕೆಂಬ ನಿಯಮವಿದೆ. ತಿಂಗಳಿಗೆ ಎಷ್ಟು ಸಕ್ಕರೆ ಮಾರಬಹುದು ಎಂಬ ಕೋಟಾ ಕೇಂದ್ರದಿಂದ ಬರುತ್ತದೆ. ಕಬ್ಬಿನ ರಸದಿಂದ ಎಥೆನಾಲ್ ಮಾಡಬೇಕೋ ಸಕ್ಕರೆ ಮಾಡಬೇಕೋ ಎಂಬುದೂ ಪೂರ್ತಿ ಅವರ ಕೈಯಲ್ಲಿಲ್ಲ. 2023ರ ಡಿಸೆಂಬರ್‌ನಲ್ಲಿ ಸಕ್ಕರೆ ಕಡಿಮೆ ಬೀಳುವ ಅಂಜಿಕೆಯಿಂದ ರಸದ ಎಥೆನಾಲ್‌ಗೆ ಕೇಂದ್ರ ತಡೆ ಹಾಕಿತು. ಆಮೇಲೆ ಒಂದು ಮಿತಿಯೊಳಗೆ ಸಡಿಲಿಸಿತು. 'ಯಾರಿಗಾಗಿ' ಎಂಬುದಕ್ಕೆ ಹಿಂದೆ ಲೆವಿ ಸಕ್ಕರೆ ಇತ್ತು: ಕಾರ್ಖಾನೆ ಮಾಡಿದ್ದರಲ್ಲಿ ಒಂದು ಪಾಲನ್ನು ಪಡಿತರಕ್ಕಾಗಿ ಕಡಿಮೆ ದರಕ್ಕೆ ಕೊಡಬೇಕಿತ್ತು. 2013ರಲ್ಲಿ ಅದನ್ನು ತೆಗೆದರು.

ಇಷ್ಟಾದ ಮೇಲೆ ಲೆಕ್ಕ. ಇದಕ್ಕೆ ಒಂದು ಇಡೀ ಪೀರಿಯಡ್ ಕೊಡುತ್ತೇನೆ. 2025-26ರ ಹಂಗಾಮಿಗೆ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅದು 10.25 ಶೇಕಡಾ ರಿಕವರಿಗೆ. ರಿಕವರಿ ಎಂದರೆ 100 ಕೆಜಿ ಕಬ್ಬಿನಿಂದ ಬರುವ ಸಕ್ಕರೆ. ಅದರ ಮೇಲೆ ಪ್ರತಿ 0.1 ಶೇಕಡಾಕ್ಕೆ 3.46 ರೂಪಾಯಿ ಸೇರುತ್ತದೆ. ಒಂದು ಕಾರ್ಖಾನೆಯ ರಿಕವರಿ 11.25 ಎಂದುಕೊಳ್ಳಿ. ಹೆಚ್ಚಿನದು 1 ಶೇಕಡಾ, ಅಂದರೆ ಹತ್ತು ಮೆಟ್ಟಿಲು, 34.60 ರೂಪಾಯಿ. ಒಟ್ಟು ಕ್ವಿಂಟಲ್‌ಗೆ 389.60, ಟನ್‌ಗೆ 3,896. ಇದರಲ್ಲಿ ಕಟಾವು ಮತ್ತು ಸಾಗಾಣಿಕೆ ಕಳೆಯುತ್ತಾರೆ. ಲೆಕ್ಕಕ್ಕೆ 800 ಎಂದು ಹಿಡಿದರೆ ರೈತನ ಕೈಗೆ 3,096. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ಕೇಳಿ ಕೂತಿದ್ದು ಏಕೆ, ರಾಜ್ಯ ಸರ್ಕಾರ 3,300ಕ್ಕೆ ತಂದು ನಿಲ್ಲಿಸಿದ್ದು ಹೇಗೆ ಎಂಬುದು ಈ ಕಳೆಯುವ ಲೆಕ್ಕ ಬರೆದರೆ ಮಾತ್ರ ತಿಳಿಯುತ್ತದೆ. ಇಲ್ಲದಿದ್ದರೆ "ಸರ್ಕಾರದ ದರವೇ 3,550 ಇದೆಯಲ್ಲ, ಮತ್ಯಾಕೆ ಜಗಳ?" ಎಂದು ಪೇಟೆಯ ಮಕ್ಕಳು ಕೇಳುತ್ತಾರೆ.

ಈಗ ಕಾರ್ಖಾನೆಯ ಕಡೆಯಿಂದ ನೋಡಿ. ಅದೇ ಒಂದು ಟನ್ ಕಬ್ಬಿನಿಂದ 112.5 ಕೆಜಿ ಸಕ್ಕರೆ. ಸಕ್ಕರೆಗೂ ಸರ್ಕಾರ ಕನಿಷ್ಠ ಮಾರಾಟ ದರ ಕಟ್ಟಿದೆ. 2019ರ ಫೆಬ್ರುವರಿಯಲ್ಲಿ ಅದನ್ನು ಕೆಜಿಗೆ 31 ರೂಪಾಯಿ ಮಾಡಿತು, 2025ರ ಹಂಗಾಮು ಶುರುವಾದಾಗಲೂ ಅದೇ ಇತ್ತು. 112.5 ಕೆಜಿಗೆ ಸುಮಾರು 3,488. ಕಬ್ಬಿಗೇ 3,896! ಪೇಟೆಯ ದರ 31ಕ್ಕಿಂತ ಮೇಲಿರುವವರೆಗೆ, ಮೊಲಾಸಿಸ್, ವಿದ್ಯುತ್, ಎಥೆನಾಲ್ ಆದಾಯ ಸೇರಿಸಿಕೊಂಡು ಬಂಡಿ ಓಡುತ್ತದೆ. ಸಕ್ಕರೆ ದರ ಕುಸಿದರೆ ಓಡುವುದಿಲ್ಲ. ಒಂದು ಕಡೆಯ ದರ ಆದೇಶದಿಂದ ಏರುತ್ತದೆ, ಇನ್ನೊಂದು ಕಡೆಯದು ಪೇಟೆಯ ಜೊತೆ ಏರಿಳಿಯುತ್ತದೆ, ನಡುವೆ ಕಾರ್ಖಾನೆ.

ಹಾಗಾದರೆ ಇಲ್ಲಿ ತಪ್ಪು ಎಲ್ಲಿ ಕಾಣುತ್ತದೆ? ಕಬ್ಬಿನ ದರ ಇಳಿಯುವಂತಿಲ್ಲ, ಹಾಗಾಗಿ ಬೆಲ್ಲದ ಹಾಗೆ ದರದಲ್ಲಿ ಕಾಣುವುದಿಲ್ಲ. ಅಂಗಡಿಯಲ್ಲಿ ಸಕ್ಕರೆ ಸಿಗುತ್ತದೆ, ಹಾಗಾಗಿ ಸರತಿಯಲ್ಲೂ ಕಾಣುವುದಿಲ್ಲ. ಕಾಣುವುದು ಬಾಕಿಯಲ್ಲಿ. ಕಬ್ಬು ಬಂದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ 15 ಶೇಕಡಾ ಬಡ್ಡಿ ಕೊಡಬೇಕು ಎಂದು ನಿಯಮ ಹೇಳುತ್ತದೆ. ನಮ್ಮ ಮನೆಯ ಕಬ್ಬಿನ ಬಿಲ್ ಒಂದು ವರ್ಷ ತಿಂಗಳುಗಟ್ಟಲೆ ತಡವಾಗಿ ಬಂತು, ಬಡ್ಡಿಯ ಸಾಲು ಅದರಲ್ಲಿ ಇರಲೇ ಇಲ್ಲ. ಕಾಗದದ ಮೇಲೆ ದರ ಪೂರ್ತಿ ಇರುತ್ತದೆ, ಕೈಯಲ್ಲಿ ಹಣ ಇರುವುದಿಲ್ಲ. ಮಕ್ಕಳಿಗೆ ಬಿಲ್ ಕೊಟ್ಟು, ಕಬ್ಬು ಹೋದ ತಾರೀಖು ಮತ್ತು ಬ್ಯಾಂಕಿಗೆ ಹಣ ಬಿದ್ದ ತಾರೀಖು ಪಕ್ಕಪಕ್ಕ ಬರೆಯಿರಿ ಎನ್ನುತ್ತೇನೆ. ಮಿಶ್ರ ವ್ಯವಸ್ಥೆ ಎಷ್ಟು ಬಿಗಿಯಾಗಿದೆ ಎಂದು ಅಳೆಯಲು ನನಗೆ ಗೊತ್ತಿರುವ ಸುಲಭದ ದಾರಿ ಅದೇ.

ಒಮ್ಮೆ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಸರ್, ಹಂಗಾದ್ರ ನಮ್ಮ ಕಾಲುವಿ ನೀರು ಯಾವ್ ವ್ಯವಸ್ಥೆದಾಗ ಬರತೈತ್ರಿ?" ಒಳ್ಳೆಯ ಪ್ರಶ್ನೆ. ಕಾಲುವೆಗೆ ಯಾವಾಗ, ಎಷ್ಟು ದಿನ ನೀರು ಬಿಡಬೇಕು ಎಂಬುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಸವಾಲು ಕೂಗಿ ನೀರು ಕೊಳ್ಳುವಂತಿಲ್ಲ. ನಾಲ್ಕನೆಯ ಪ್ರಶ್ನೆ ಹಾಕಿ ನೋಡು ಎಂದೆ. "ಕಡೀ ಹೊಲಕ್ಕ ನೀರ ಮುಟ್ಟಂಗಿಲ್ಲರಿ, ಪಾಳಿ ಕಾಯಬೇಕ್ರಿ" ಎಂದಳು. ಸರತಿ ಬಂತಲ್ಲ, ಅಂದರೆ ಇದು ಆದೇಶದ ಕಡೆಗೇ ವಾಲುತ್ತದೆ. ಅವಳ ಅಪ್ಪನ ಒಂದೇ ಹೊಲದಲ್ಲಿ ನೀರು ಆದೇಶದ್ದು, ಕಬ್ಬು ಮಿಶ್ರದ್ದು, ಬದುವಿನ ಮೇಲಿನ ಬದನೆಕಾಯಿ ಪೂರ್ತಿ ಸಂತೆಯದು. ಆ ವರ್ಷದಿಂದ ಪರೀಕ್ಷೆಯ ಹಳೆಯ ಪ್ರಶ್ನೆಯ ಜೊತೆಗೆ ಇನ್ನೊಂದನ್ನೂ ಕೊಡುತ್ತಿದ್ದೇನೆ: ನಿಮ್ಮ ಮನೆಗೆ ಬರುವ ಯಾವುದಾದರೂ ಒಂದು ವಸ್ತು ಆರಿಸಿ, ಅದು ಕಡಿಮೆ ಬಿದ್ದಾಗ ದರ ಏರುತ್ತದೋ, ಸರತಿ ಬೆಳೆಯುತ್ತದೋ, ಬಾಕಿ ಉಳಿಯುತ್ತದೋ ಬರೆಯಿರಿ. ವಿಜಯಪುರದ ಕಡೆಯಿಂದ ಬಂದ ಮಕ್ಕಳು ಒಣದ್ರಾಕ್ಷಿ ಬರೆಯುತ್ತಾರೆ, ಊರಲ್ಲೇ ಇರುವವರು ಗ್ಯಾಸ್ ಸಿಲಿಂಡರ್. ಸಿಲಿಂಡರಿನ ಬಗ್ಗೆ ಇನ್ನೂ ತರಗತಿಯಲ್ಲಿ ಒಮ್ಮತ ಬಂದಿಲ್ಲ.